ಪದಕ್ಕಿಷ್ಟು ಎಂಬ ದುಡಿಮೆ

ಸೋಮವಾರ, ಜೂನ್ 1. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಫ್ರೀಲಾನ್ಸರ್ ಒಬ್ಬಳಿಗೆ ಏಜೆನ್ಸಿಯಿಂದ ಮೇಲ್ ಬರುತ್ತದೆ. ನೀರಿನ ಪಂಪೊಂದರ ಬಳಕೆಯ ಕೈಪಿಡಿ, 6,000 ಪದ, ಶುಕ್ರವಾರ ಸಂಜೆಯೊಳಗೆ ಬೇಕು. ದರ ಏಜೆನ್ಸಿಯಿಂದ ಏಜೆನ್ಸಿಗೆ ಬಹಳ ಬದಲಾಗುತ್ತದೆ. ಲೆಕ್ಕಕ್ಕೆಂದು ಪದಕ್ಕೆ 1 ರೂಪಾಯಿ 20 ಪೈಸೆ ಎಂದಿಟ್ಟುಕೊಳ್ಳೋಣ. ಐದು ದಿನಕ್ಕೆ 7,200 ರೂಪಾಯಿ! ಹೊಸಬರು ಇಲ್ಲಿಗೇ ಲೆಕ್ಕ ನಿಲ್ಲಿಸಿ ಒಪ್ಪಿಕೊಂಡುಬಿಡುತ್ತಾರೆ.

ಮೇಲ್‌ನ ಜೊತೆಗೆ ಬಂದ ಪಟ್ಟಿಯನ್ನು ಬಿಡಿಸಿ ನೋಡಬೇಕು. ಏಜೆನ್ಸಿಗಳು ಹಳೆಯ ಅನುವಾದಗಳನ್ನೆಲ್ಲ ಕೂಡಿಟ್ಟುಕೊಳ್ಳುವ ಸಾಫ್ಟ್‌ವೇರ್ ಬಳಸುತ್ತವೆ. ಅದೇ ವಾಕ್ಯ ಮತ್ತೆ ಬಂದರೆ ಪೂರ್ತಿ ದರ ಕೊಡುವುದಿಲ್ಲ. ಪಂಪಿನ ಕೈಪಿಡಿಯಲ್ಲಿ 'ಮೊದಲು ವಿದ್ಯುತ್ ಸಂಪರ್ಕ ಕಡಿತಗೊಳಿಸಿ' ಎಂಬಂಥ ಸಾಲು ಪುಟಪುಟಕ್ಕೂ ಇರುತ್ತದೆ. ಹಾಗೆ ಮರುಕಳಿಸಿದ ಪದಗಳು 1,200 ಇದ್ದು, ಅವುಗಳಿಗೆ ದರದ ಶೇ. 30ರಷ್ಟೇ ಸಿಗುವುದಾದರೆ, ಹಣ ಸಿಗುವುದು 5,160 ಪದಗಳಿಗೆ. ಅಂದರೆ 6,192 ರೂಪಾಯಿ. ಈ ಕಡಿತ ಮೋಸವಲ್ಲ, ವ್ಯವಹಾರದ ರೂಢಿ. ಆದರೆ ಕೆಲಸ ಒಪ್ಪುವ ಮುನ್ನವೇ ಅದು ಗೊತ್ತಿರಬೇಕು. ಒಟ್ಟು ಮೊತ್ತ ನಮೂದಿಸಿದ ಪಿಒ, ಅಂದರೆ ಖರೀದಿ ಆದೇಶ, ಕೈಗೆ ಬರುವ ತನಕ ಮೊದಲ ಸಾಲನ್ನೂ ಅನುವಾದಿಸಬಾರದು.

ಇನ್ನು ದಿನಗಳು. ಪಳಗಿದವರು ದಿನಕ್ಕೆ ಸುಮಾರು 2,000 ಹೊಸ ಪದ ಮಾಡಬಲ್ಲರು, ಈಗಷ್ಟೇ ಕಾಲೇಜು ಮುಗಿಸಿದವರಿಗೆ 1,500 ಆದರೆ ಹೆಚ್ಚು. ಅಲ್ಲಿಗೆ ಬುಧವಾರ ಮುಗಿದು ಗುರುವಾರವೂ ತುಸು ಬೇಕು. ಇಡೀ ದಿನ ಅನುವಾದವೇ ನಡೆಯುತ್ತದೆಯೇ? ಇಲ್ಲ. 'ಇಂಪೆಲ್ಲರ್' ಎಂಬುದನ್ನು ಕನ್ನಡಿಸಬೇಕೋ ಹಾಗೆಯೇ ಬಿಡಬೇಕೋ ಎಂದು ಕೇಳಿ ಬರೆದರೆ ಉತ್ತರ ಬರುವುದು ಮರುದಿನ. ಅದಕ್ಕಿಂತ ಪಂಪು ಸೆಟ್ ರಿಪೇರಿ ಮಾಡುವವರೊಬ್ಬರಿಗೆ ಫೋನ್ ಮಾಡಿ ಅವರು ಏನನ್ನುತ್ತಾರೆಂದು ಕೇಳುವುದು ಒಳ್ಳೆಯದು. ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ, ಕೆಲಸದ ಗುಣಮಟ್ಟ ಮಾತ್ರ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಶುಕ್ರವಾರ ಒಪ್ಪಿಸಿದ ಮೇಲೂ ಕೆಲಸ ಬಾಲ ಬಿಡುವುದಿಲ್ಲ. ಪುಟ ವಿನ್ಯಾಸ ಮಾಡುವವರಿಗೆ ಕನ್ನಡ ಓದಲು ಬಾರದಿದ್ದರೆ, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆ ಹಾಕಿರುವುದಿಲ್ಲ. ಆಗ ಒತ್ತಕ್ಷರಗಳು ಒಡೆದು 'ವಿದ್ಯುತ್' ಹೋಗಿ 'ವಿದ್‌ಯುತ್' ಆಗುತ್ತದೆ. 'ಪಿಡಿಎಫ್ ಒಂದ್ಸಲ ನೋಡಿಬಿಡಿ' ಎಂಬ ಮೇಲ್ ಮುಂದಿನ ವಾರ ಬಂದೇ ಬರುತ್ತದೆ. ಪುಟ ತಿದ್ದುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಬೇರೆ ದರವೆಂದು ಮೊದಲೇ ಬರೆದು ಒಪ್ಪಿಸಿಕೊಂಡಿದ್ದರೆ ಮಾತ್ರ ಅದಕ್ಕೆ ಹಣ.

ದುಡ್ಡು ಬರುವುದು ಯಾವಾಗ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಜೂನ್ 5ಕ್ಕೆ ಕೆಲಸ ಮುಗಿಯಿತು. ಅನೇಕ ಏಜೆನ್ಸಿಗಳಲ್ಲಿ ತಿಂಗಳ ಕೊನೆಗೆ ಒಂದೇ ಇನ್‌ವಾಯ್ಸ್ ಕಳಿಸಬೇಕು, ಅದಾಗಿ 45 ದಿನಕ್ಕೆ ಪಾವತಿ. ಜೂನ್ 30ರ ಇನ್‌ವಾಯ್ಸ್‌ಗೆ ಆಗಸ್ಟ್ 14. ನಡುವೆ ಎರಡು ಸಲ ಮನೆ ಬಾಡಿಗೆ ಕಟ್ಟಿ ಆಗಿರುತ್ತದೆ. ಒಬ್ಬರೇ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ವೃತ್ತಿ ಶುಲ್ಕ ಕೊಡುವುದಾದರೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ, ಹಾಗಾಗಿ ಖಾತೆಗೆ ಬೀಳುವುದು ಸುಮಾರು 5,573 ರೂಪಾಯಿ. ಉಳಿದದ್ದು ಕಳೆದುಹೋಗಿಲ್ಲ. ವರ್ಷದ ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಆದರೆ ಅದಕ್ಕೆ ಮುಂದಿನ ವರ್ಷದ ತನಕ ಕಾಯಬೇಕು. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ. 20.

ತಡ ಮಾಡುವವರ ಮೇಲೆ ಕಾನೂನಿನ ಬಲವೂ ಇದೆ. ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಒಬ್ಬಂಟಿ ಫ್ರೀಲಾನ್ಸರ್ ಕೂಡ ಕಿರು ಉದ್ಯಮ. 2006ರ ಕಾಯ್ದೆಯ ಪ್ರಕಾರ ಅಂಥವರಿಗೆ ಪಾವತಿ 45 ದಿನ ದಾಟಬಾರದು, ಲೆಕ್ಕ ಶುರುವಾಗುವುದು ಇನ್‌ವಾಯ್ಸ್ ದಿನದಿಂದಲ್ಲ, ಕೆಲಸ ಸ್ವೀಕರಿಸಿದ ದಿನದಿಂದ. ಹದಿನೈದು ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ಒಪ್ಪಿಸಿದ ದಿನವೇ ಸ್ವೀಕರಿಸಿದ ದಿನ. ಪಂಪಿನ ಕೈಪಿಡಿಯ ಗಡುವು ಹಾಗಾದರೆ ಜುಲೈ 20. ಹೊಸಬರು ಇದನ್ನು ಬಾಯಿಬಿಟ್ಟು ಕೇಳುವುದು ಕಡಿಮೆ, ಏಕೆಂದರೆ ಇರುವುದೊಂದೇ ಏಜೆನ್ಸಿ, ಅದು ಮುನಿಸಿಕೊಂಡರೆ ಮುಂದಿನ ಸೋಮವಾರ ಮೇಲ್ ಬರುವುದಿಲ್ಲ. ಕನಿಷ್ಠ ಮೂರು ಕಡೆಯಿಂದ ಕೆಲಸ ಬರತೊಡಗಿದ ಮೇಲೆಯೇ ಈ ಮಾತು ಬಾಯಿಗೆ ಬರುವುದು.

ಹಾಗಾಗಿ ಮೂರು ತಿಂಗಳ ಖರ್ಚಿನ ಹಣ, ಇಲ್ಲವೇ ಮನೆಯವರ ಆಸರೆ ಇಲ್ಲದೆ ಪದವಿ ಮುಗಿದ ಮರುದಿನವೇ ಇದಕ್ಕೆ ಇಳಿಯಿರಿ ಎಂದು ನಾನು ಹೇಳಲಾರೆ. ಕೊನೆಯ ಸೆಮಿಸ್ಟರ್‌ನಲ್ಲಿ ಇಂಥದೊಂದು ಚಿಕ್ಕ ಕೆಲಸ ಹಿಡಿದು, ಮೇಲ್, ಫೋನ್, ತಿದ್ದುಪಡಿ ಎಲ್ಲ ಸೇರಿ ಎಷ್ಟು ಗಂಟೆ ಹೋಯಿತೆಂದು ಬರೆದಿಡಿ. ಕೈಗೆ ಬಂದ ಹಣವನ್ನು ಆ ಗಂಟೆಗಳಿಂದ ಭಾಗಿಸಿದರೆ ಸಿಗುವುದೇ ನಿಮ್ಮ ನಿಜವಾದ ದರ. ಅದು ಪರಿಚಯದವರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತರೆ ಸಿಗುವುದಕ್ಕಿಂತ ಕಡಿಮೆ ಬಂದರೆ, ಪದದ ದರ ಏರಿಸಿಕೊಳ್ಳುವ ತನಕ ಇದನ್ನು ಸಂಜೆಯ ಕೆಲಸವಾಗಿಯೇ ಇಟ್ಟುಕೊಳ್ಳುವುದು ಮೇಲು.