ಒಂದಕ್ಕೆ ಸಂಬಳ, ಇಪ್ಪತ್ತಾರಕ್ಕೆ ಕಂತು

ತಪ್ಪು ಕಲ್ಪನೆ: ತಿಂಗಳ ಖರ್ಚು ಸಂಬಳಕ್ಕಿಂತ ಕಡಿಮೆ ಇದ್ದರೆ ಯಾವ ಕಂತೂ ತಪ್ಪುವುದಿಲ್ಲ.

ಸತ್ಯ: ಖರ್ಚಿನ ಮೊತ್ತ ಎಷ್ಟು ಮುಖ್ಯವೋ ಅದು ಬೀಳುವ ತಾರೀಖೂ ಅಷ್ಟೇ ಮುಖ್ಯ. ಬೆಂಗಳೂರಿನ ಒಂದು ಮನೆಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಒಂದನೇ ತಾರೀಖು 55,000 ರೂಪಾಯಿ ಸಂಬಳ ಬರುತ್ತದೆ. ಐದಕ್ಕೆ ಬೈಕ್ ಸಾಲದ ಕಂತು 4,200, ಹತ್ತಕ್ಕೆ ಬಾಡಿಗೆ 15,000, ಹದಿನೈದಕ್ಕೆ ಚೀಟಿ 5,000, ಇಪ್ಪತ್ತಕ್ಕೆ ಕರೆಂಟು ಮತ್ತು ಇಂಟರ್ನೆಟ್ ಬಿಲ್ಲು 2,000, ಇಪ್ಪತ್ತಾರಕ್ಕೆ ಪರ್ಸನಲ್ ಲೋನ್ ಕಂತು 7,300. ಹಾಲು, ತರಕಾರಿ, ಪೆಟ್ರೋಲು ಎಲ್ಲ ಸೇರಿ ದಿನಕ್ಕೆ ಸುಮಾರು 500. ಕೂಡಿದರೆ ತಿಂಗಳಿಗೆ 48,500. ಉಳಿಯುವ 6,500 ಸಾಮಾನ್ಯವಾಗಿ ಬಟ್ಟೆಬರೆ, ಊರಿಗೆ ಹೋಗಿಬರುವುದು ಎಂದು ಖರ್ಚಾಗುತ್ತದೆ. ಮೇಲ್ನೋಟಕ್ಕೆ ತೊಂದರೆಯೇನೂ ಇಲ್ಲ.

ಜುಲೈ 19ಕ್ಕೆ ವರ್ಷಕ್ಕೊಮ್ಮೆ ಕಟ್ಟುವ ಆರೋಗ್ಯ ವಿಮೆಯ ಪ್ರೀಮಿಯಂ 18,000 ಇದೆ ಎನ್ನಿ. ಈಗ ದಿನದಿನದ ಬಾಕಿ ಬರೆದು ನೋಡೋಣ. ಹತ್ತನೇ ತಾರೀಖು ಬಾಡಿಗೆ ಕೊಟ್ಟ ಮೇಲೂ ಖಾತೆಯಲ್ಲಿ 30,800 ಇರುತ್ತದೆ. ಹದಿನೈದಕ್ಕೆ 23,300. ಹತ್ತೊಂಬತ್ತಕ್ಕೆ ಪ್ರೀಮಿಯಂ ಸಲೀಸಾಗಿ ಹೋಗಿ 3,300 ಉಳಿಯುತ್ತದೆ. ಇಪ್ಪತ್ತಕ್ಕೆ ಬಿಲ್ಲು ಕಟ್ಟಿದರೆ ಉಳಿಯುವುದು 800. ಇಪ್ಪತ್ತಾರರ ಕಂತಿಗೆ ಬೇಕಾದದ್ದು 7,300!

ಗಮನಿಸಿ, ಬೌನ್ಸ್ ಆಗುವುದು ಪರ್ಸನಲ್ ಲೋನ್ ಕಂತು, ಆದರೆ ಅದಕ್ಕೆ ಕಾರಣ ಒಂದು ವಾರ ಹಿಂದೆ ಯಾವ ತಕರಾರೂ ಇಲ್ಲದೆ ಕಟ್ಟಿದ ಪ್ರೀಮಿಯಂ. ಹೀಗಾಗಿಯೇ ಎಷ್ಟೋ ಮನೆಗಳಲ್ಲಿ ಹಣ ಎಲ್ಲಿ ಹೋಯಿತೆಂದು ತಿಳಿಯುವುದೇ ಇಲ್ಲ. ಒಂದು ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು ಹಾಕುತ್ತಾರೆ. ತಡವಾದದ್ದು ಕ್ರೆಡಿಟ್ ವರದಿಯಲ್ಲೂ ದಾಖಲಾಗಬಹುದು.

ಪರಿಹಾರ ಸರಳ. ನೋಟ್‌ಬುಕ್ಕಿನಲ್ಲಿ ತಾರೀಖು, ಮೊತ್ತ, ಉಳಿದ ಬಾಕಿ ಎಂದು ಮೂರು ಅಂಕಣ ಎಳೆದು ಒಂದರಿಂದ ಮೂವತ್ತೊಂದರವರೆಗೆ ದಿನದ ಖರ್ಚನ್ನೂ ಕಳೆಯುತ್ತ ಬನ್ನಿ. ಬಾಕಿ ಅತಿ ಕಡಿಮೆಯಾಗುವ ದಿನಕ್ಕೆ ಸುತ್ತು ಹಾಕಿ. ವರ್ಷದ ಪ್ರೀಮಿಯಂ ಅನ್ನು ಹನ್ನೆರಡರಿಂದ ಭಾಗಿಸಿ. ಇಲ್ಲಿ ತಿಂಗಳಿಗೆ 1,500 ಆಗುತ್ತದೆ. ಅದನ್ನೂ ಐದು ನಿಗದಿತ ಪಾವತಿಗಳನ್ನೂ ಕೂಡಿದರೆ 35,000. ಸಂಬಳ ಬಂದ ದಿನವೇ ಇಷ್ಟನ್ನು ಎರಡನೇ ಖಾತೆಗೆ ಹಾಕಿ, ಎಲ್ಲ ಆಟೋ ಡೆಬಿಟ್‌ಗಳನ್ನೂ ಆ ಖಾತೆಗೇ ಜೋಡಿಸಿ. ಉಳಿದ 20,000ದಲ್ಲಿ ಮನೆ ನಡೆಯಲಿ. ಹತ್ತನೇ ತಾರೀಖು 30,800 ಕಂಡು ಕೈ ಸಡಿಲ ಬಿಡುವ ಪ್ರಮೇಯವೇ ಬರುವುದಿಲ್ಲ. ಪ್ರೀಮಿಯಂಗೆ ಹನ್ನೆರಡು ತಿಂಗಳಿಗಿಂತ ಕಡಿಮೆ ಸಮಯ ಉಳಿದಿದ್ದರೆ ಮೊದಲ ವರ್ಷ ಮಾತ್ರ ತಿಂಗಳ ಪಾಲು ಹೆಚ್ಚಾಗುತ್ತದೆ. ಆರು ತಿಂಗಳಿದ್ದರೆ 3,000 ಎತ್ತಿಡಬೇಕು.

ತಪ್ಪು ಕಲ್ಪನೆ: ಎಲ್ಲ ಕಂತುಗಳನ್ನೂ ಒಂದನೇ ತಾರೀಖಿಗೇ ತಂದುಬಿಟ್ಟರೆ ನಿಶ್ಚಿಂತೆ.

ಸತ್ಯ: ಒಂದನೇ ತಾರೀಖು ಭಾನುವಾರವೋ ರಜೆಯೋ ಆದರೆ ಕೆಲವು ಕಂಪನಿಗಳು ಸಂಬಳವನ್ನು ಮರುದಿನ ಹಾಕುತ್ತವೆ. ಕಂತು ಕಾಯುವುದಿಲ್ಲ. ಸಾಲದ ಕಂತು ಕಡಿತಗೊಳ್ಳುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ರಜೆದಿನಗಳಲ್ಲೂ ನಡೆಯುತ್ತಿದೆ. ಕಡಿತದ ಕೋರಿಕೆ ಬೆಳಗ್ಗೆಯೇ ಬರಬಹುದು, ಹಾಗಾಗಿ ಹಿಂದಿನ ಸಂಜೆಗೇ ದುಡ್ಡು ಖಾತೆಯಲ್ಲಿರಬೇಕು. ನನ್ನ ಪ್ರಕಾರ ಐದರಿಂದ ಹತ್ತರ ನಡುವಿನ ತಾರೀಖು ಒಳ್ಳೆಯದು. ಕ್ರೆಡಿಟ್ ಕಾರ್ಡಿನ ಬಿಲ್ಲಿಂಗ್ ಅವಧಿಯನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸಾಲದ ಕಂತಿನ ತಾರೀಖು ಬದಲಿಸುವುದು ಸಾಲ ಕೊಟ್ಟವರ ಇಚ್ಛೆಗೆ ಬಿಟ್ಟದ್ದು, ಕೇಳಿ ನೋಡಬೇಕು. ಬಾಡಿಗೆಯನ್ನು ಮೊದಲೇ ಕೊಡುತ್ತೇನೆಂದರೆ ಬೇಡವೆನ್ನುವ ಓನರ್ ಅಪರೂಪ.

ತಪ್ಪು ಕಲ್ಪನೆ: ಪ್ರೀಮಿಯಂಗೆ ಮೂವತ್ತು ದಿನ ಗ್ರೇಸ್ ಇದೆಯಲ್ಲ, ಆ ಕೊನೆಯ ದಿನವನ್ನೇ ಬರೆದುಕೊಂಡರಾಯಿತು.

ಸತ್ಯ: ಜೀವ ವಿಮೆಯಲ್ಲಿ ವಾರ್ಷಿಕ ಪ್ರೀಮಿಯಂಗೆ 30 ದಿನ, ಮಾಸಿಕ ಪ್ರೀಮಿಯಂಗೆ 15 ದಿನ ಗ್ರೇಸ್ ಇರುವುದು ನಿಜ. ಆ ಅವಧಿಯಲ್ಲಿ ರಕ್ಷಣೆಯೂ ಮುಂದುವರಿಯುತ್ತದೆ. ವರ್ಷಕ್ಕೊಮ್ಮೆ ನವೀಕರಿಸುವ ಆರೋಗ್ಯ ವಿಮೆಯ ಕಥೆ ಬೇರೆ. ಗ್ರೇಸ್ ಒಳಗೆ ಕಟ್ಟಿದರೆ ಹಳೆಯ ಪಾಲಿಸಿಯ ಕಾಯುವಿಕೆ ಅವಧಿಯ ಲಾಭ ಉಳಿಯುತ್ತದೆ, ಆದರೆ ಪ್ರೀಮಿಯಂ ಇಲ್ಲದ ಆ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮ್ ಸಿಗುವುದಿಲ್ಲ. ಆದ್ದರಿಂದ ಕ್ಯಾಲೆಂಡರಿನಲ್ಲಿ ಬರೆಯಬೇಕಾದದ್ದು ಪಾಲಿಸಿ ಮುಗಿಯುವ ದಿನಕ್ಕಿಂತ ಒಂದು ವಾರ ಮೊದಲಿನ ತಾರೀಖನ್ನು.

ಪಟ್ಟಿ ಮಾಡುವಾಗ ನೆನಪನ್ನು ನಂಬಬೇಡಿ. ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಸಾಲುಸಾಲಾಗಿ ನೋಡಿ. ಬೈಕ್ ವಿಮೆ, ಆಸ್ತಿ ತೆರಿಗೆ, ಶಾಲೆಯ ಟರ್ಮ್ ಫೀಸಿನಂಥ ವರ್ಷಕ್ಕೆ ಒಂದೆರಡು ಬಾರಿ ಬರುವ ಖರ್ಚುಗಳು ಅಲ್ಲೇ ಸಿಗುತ್ತವೆ.