ಕಪ್ಪು ಅಕ್ಷರಕ್ಕೆ ಬಣ್ಣದ ಇಂಕು ಏಕೆ?

ಅರ್ಜಿ, ಪ್ರಶ್ನೆಪತ್ರಿಕೆ ಬಿಟ್ಟು ಬೇರೇನೂ ಮುದ್ರಿಸದ ಮನೆಯಲ್ಲೂ ಇಂಕ್‌ಜೆಟ್ ಪ್ರಿಂಟರಿನ ಬಣ್ಣದ ಕಾರ್ಟ್ರಿಜ್ ಬರಿದಾಗುತ್ತದೆ. ಕಾರಣ ಬಹುಪಾಲು ಸೆಟ್ಟಿಂಗ್‌ನಲ್ಲೇ ಇರುತ್ತದೆ.

ಅನೇಕ ಪ್ರಿಂಟರುಗಳಲ್ಲಿ ಕಪ್ಪು ಇಂಕು ಪಿಗ್ಮೆಂಟ್, ಅಂದರೆ ದ್ರವದಲ್ಲಿ ತೇಲುವ ಸೂಕ್ಷ್ಮ ಪುಡಿ. ಬಣ್ಣದ ಇಂಕುಗಳು ನೀರಲ್ಲಿ ಕರಗಿದ ಡೈ. ಪುಡಿ ಮಾಮೂಲಿ ಕಾಗದದ ಮೇಲೆ ಚೆನ್ನಾಗಿ ನಿಲ್ಲುತ್ತದೆ, ಹೊಳಪಿನ ಫೋಟೋ ಕಾಗದದ ಮೇಲೆ ಹಿಡಿಯದೆ ಒರೆಸಿದರೆ ಹೋಗುತ್ತದೆ. ಹಾಗಾಗಿ ಸೆಟ್ಟಿಂಗ್‌ನಲ್ಲಿ ಫೋಟೋ ಕಾಗದ ಎಂದಿದ್ದರೆ ಇಂಥ ಪ್ರಿಂಟರ್ ಕಪ್ಪು ಇಂಕನ್ನು ಮುಟ್ಟದೆ ಸಯಾನ್, ಮಜೆಂಟಾ, ಹಳದಿ ಬೆರೆಸಿ ಕಪ್ಪು ಮಾಡುತ್ತದೆ. ಟ್ರೇನಲ್ಲಿ ನಿಜವಾಗಿ ಯಾವ ಕಾಗದವಿದೆ ಎಂಬುದು ಸಾಮಾನ್ಯವಾಗಿ ಅದಕ್ಕೆ ಗೊತ್ತಾಗುವುದಿಲ್ಲ. ನಿನ್ನೆ ಮಗುವಿನ ಫೋಟೋ ತೆಗೆದ ಸೆಟ್ಟಿಂಗ್ ಹಾಗೇ ಉಳಿದಿದ್ದರೆ ಇವತ್ತಿನ ಅರ್ಜಿಯೂ ಬಣ್ಣದಲ್ಲೇ ಬರುತ್ತದೆ. ಮೊದಲು ನೋಡಬೇಕಾದದ್ದು ಇದನ್ನೇ: ಕಾಗದದ ಬಗೆ `Plain Paper` ಇರಲಿ.

ಇನ್ನೊಂದು ಕಾರಣ ಕಡತದ ಒಳಗೇ ಇರುತ್ತದೆ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದಿರಿ ಎನ್ನಿ. ಕಣ್ಣಿಗೆ ಅದು ಬಿಳಿ ಹಾಳೆ, ಕಪ್ಪು ಅಕ್ಷರ. ಸ್ಕ್ಯಾನರಿಗೆ ಕಂಡದ್ದು ನಸುಹಳದಿ ಕಾಗದ, ಕಂದು ಅಂಚಿನ ಅಕ್ಷರ. ಪ್ರಿಂಟರ್ ಆ ಹಳದಿಯನ್ನೂ ನಿಷ್ಠೆಯಿಂದ ಪುಟದ ತುಂಬ ಚುಕ್ಕಿ ಚುಕ್ಕಿಯಾಗಿ ಸಿಂಪಡಿಸುತ್ತದೆ. `Grayscale` ಆರಿಸಿದರೆ ಸಾಲದೇ? ಎಷ್ಟೋ ಸಲ ಸಾಲದು. ಬರೀ ಕಪ್ಪು ಚುಕ್ಕಿಗಳಿಂದ ಮಾಡಿದ ಬೂದು ತರಿತರಿಯಾಗಿ ಕಾಣುತ್ತದೆಂದು ಕೆಲವು ಪ್ರಿಂಟರುಗಳು ಬೂದಿಗೂ ಬಣ್ಣ ಬೆರೆಸುತ್ತವೆ. ಎಚ್‌ಪಿಯ ಹಲವು ಮಾದರಿಗಳಲ್ಲಿ `High Quality Grayscale` ಮತ್ತು `Black Ink Only` ಎಂದು ಎರಡು ಆಯ್ಕೆ ಇರುವುದು ಇದಕ್ಕೇ. ಉಳಿತಾಯ ಆಗುವುದು ಎರಡನೆಯದರಲ್ಲಿ. ಪ್ರಶ್ನೆಪತ್ರಿಕೆಯನ್ನಂತೂ ಸ್ಕ್ಯಾನ್ ಮಾಡುವಾಗಲೇ ಕಪ್ಪು-ಬಿಳುಪು ಆರಿಸಿಕೊಂಡರೆ ಹಿನ್ನೆಲೆಯ ಹಳದಿ ಹುಟ್ಟುವುದೇ ಇಲ್ಲ.

ಅನುಮಾನವಿದ್ದರೆ ಒಣಗಿದ ಅಕ್ಷರವನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚಿನಲ್ಲಿ ಗುಲಾಬಿ, ನೀಲಿ, ಹಳದಿ ಚುಕ್ಕಿಗಳು ಕಂಡರೆ ಬಣ್ಣ ಬೆರೆತಿದೆ.

ಇಷ್ಟಾದರೂ ಬಣ್ಣದ ಖರ್ಚು ಪೂರ್ತಿ ನಿಲ್ಲುವುದಿಲ್ಲ. ಕೂದಲಿಗಿಂತ ಸಣ್ಣ ನಳಿಕೆಗಳು ಒಣಗದಂತೆ ಪ್ರಿಂಟರ್ ಆಗಾಗ ಎಲ್ಲ ಇಂಕನ್ನೂ ಸ್ವಲ್ಪ ಹೊರಚೆಲ್ಲುತ್ತದೆ. ಅದು ಒಳಗಿನ ಹೀರುಪಟ್ಟಿಗೆ ಹೋಗುತ್ತದೆ. ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸ ಇಲ್ಲಿ ದುಬಾರಿ. ಮುದ್ರಣದ ನಡುವೆ ಹಾಗೆ ಕರೆಂಟ್ ಹೋದರೆ ಹೆಡ್ ತನ್ನ ಮುಚ್ಚಳದಡಿ ಸೇರದೆ ಒಣಗುತ್ತದೆ, ಮುಂದಿನ ಸಲ ತೊಳೆಯಲು ಇನ್ನಷ್ಟು ಇಂಕು ಬೇಕು. ಪ್ರಿಂಟರಿನ ಸ್ವಂತ ಬಟನ್ನಿನಿಂದಲೇ ಆರಿಸಿ. ತಿಂಗಳುಗಟ್ಟಲೆ ಬರೀ ಕಪ್ಪು ಬಳಸಿದರೂ ಬಣ್ಣದ ನಳಿಕೆ ಕಟ್ಟಿಕೊಳ್ಳಬಹುದು. ಒಂದೆರಡು ವಾರಕ್ಕೊಮ್ಮೆ ಚಿಕ್ಕದೊಂದು ಬಣ್ಣದ ಚಿತ್ರ ಮುದ್ರಿಸುವುದು ಲೇಸು. ಅಕ್ಷರದಲ್ಲಿ ಬಿಳಿ ಗೆರೆ ಕಂಡಾಗಲೂ ನೇರ ಕ್ಲೀನಿಂಗ್‌ಗೆ ಹೋಗದೆ ಮೊದಲು `Nozzle Check` ಪುಟ ತೆಗೆಯಿರಿ, ಅದಕ್ಕೆ ಇಂಕು ಹೆಚ್ಚು ಬೇಡ. ಕಪ್ಪು ಮಾತ್ರ ಕಟ್ಟಿದ್ದು ಕಂಡರೆ, ಕ್ಯಾನನ್‌ನ ಹಲವು ಮಾದರಿಗಳಲ್ಲಿರುವಂತೆ, ಕಪ್ಪನ್ನಷ್ಟೇ ತೊಳೆಯುವ ಆಯ್ಕೆ ನಿಮ್ಮ ಪ್ರಿಂಟರಿನಲ್ಲೂ ಇದೆಯೇ ಹುಡುಕಿ.