ನೋವಿಲ್ಲದ ಹುಣ್ಣು

ಪ್ರಶ್ನೆ: ನಮ್ಮ ತಂದೆ ಇಳಕಲ್ಲಿನಲ್ಲಿ ನೇಕಾರರು. ಮಗ್ಗಕ್ಕೆ ಕೂತರೆ ಗಲ್ಲದಲ್ಲಿ ಅಡಿಕೆ, ತಂಬಾಕು ಇರಲೇಬೇಕು. ಅಲ್ಲೇ ಹುಣ್ಣಾಗಿ ತಿಂಗಳಾಯಿತು. ನೋವಿಲ್ಲ ಎನ್ನುತ್ತಾರೆ. ತೋರಿಸಬೇಕೇ?

ಉತ್ತರ: ಈ ವಾರವೇ ತೋರಿಸಿ. ನೋವಿಲ್ಲ ಎಂಬುದೇ ನನಗೆ ಆತಂಕದ ಮಾತು. ಸಾಮಾನ್ಯ ಬಾಯಿಹುಣ್ಣು ಉರಿಯುತ್ತದೆ, ಒಂದೆರಡು ವಾರದಲ್ಲಿ ಮಾಯುತ್ತದೆ. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ, ತಂಬಾಕು ಇಟ್ಟುಕೊಳ್ಳುವ ಜಾಗದಲ್ಲೇ ಹುಟ್ಟುವುದೂ ಉಂಟು. ಅಂಚು ಗಟ್ಟಿಯಾಗಿದ್ದರೆ, ಮುಟ್ಟಿದರೆ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಒಂದು ದಿನವೂ ತಡಮಾಡಬೇಡಿ.

ಚೂಪಾದ ಹಲ್ಲು ತಾಗಿಯೂ ಇಂಥ ಹುಣ್ಣಾಗಬಹುದು. ಬರೀ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಆದ್ದರಿಂದಲೇ ಬಯಾಪ್ಸಿ: ಜಾಗ ಮರಗಟ್ಟಿಸಿ, ಅಂಚಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೂರು ತೆಗೆದರೆ ರೋಗ ಹಬ್ಬುತ್ತದೆಂಬ ಹೆದರಿಕೆ ನಮ್ಮ ಕಡೆ ಬಹಳ, ಅದು ನಿಜವಲ್ಲ.

ತಂಬಾಕು ಬಿಟ್ಟು ಬರೀ ಅಡಿಕೆ ಅಗಿದರೂ ಅಪಾಯ ತಪ್ಪದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಅಡಿಕೆಯಿಂದ ಗಲ್ಲದ ಒಳಪೊರೆ ಬಿಗಿದು ಬಾಯಿಯೂ ಕಿರಿದಾಗುತ್ತದೆ. ತಂದೆಯವರ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದಂತೆ ಹಲ್ಲುಗಳ ನಡುವೆ ಹಿಡಿಸದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಹುನಗುಂದ ಅಥವಾ ಬಾದಾಮಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜಿದೆ. ಮುಲಾಮು ಹಚ್ಚುತ್ತ ಕಾಯಬೇಡಿ.